ಒಂದು ದಿನ ಒಳಗೆ, ಒಂದು ದಿನ ಹೊರಗೆ

ಒಂದು ಊರಿನ ಮಳೆಮಾಪಕದಲ್ಲಿ ಹತ್ತು ದಿನ ದಾಖಲಾದ ಮಳೆ, ಮಿಲಿಮೀಟರ್ ಲೆಕ್ಕದಲ್ಲಿ ಹೀಗಿದೆ ಎಂದುಕೊಳ್ಳೋಣ: 12, 0, 35, 41, 8, 27, 50, 3, 19, 6. ಬೆನ್ನುಬೆನ್ನಿಗೆ ಬಂದ ಯಾವ ಮೂರು ದಿನಗಳಲ್ಲಿ ಅತಿ ಹೆಚ್ಚು ಮಳೆ ಸುರಿಯಿತು? ನೋಡಿದ ಕೂಡಲೇ ಕಣ್ಣು 35 ಮತ್ತು 41ರ ಜೋಡಿಯ ಮೇಲೆ ನಿಲ್ಲುತ್ತದೆ. ಪಕ್ಕದ 8 ಸೇರಿದರೆ 84. ಆದರೆ ಐದನೇ ದಿನದಿಂದ ಏಳನೆಯ ದಿನದವರೆಗಿನ 8, 27, 50 ಕೂಡಿದರೆ 85. ಒಂದೇ ಮಿಲಿಮೀಟರಿನಲ್ಲಿ ಕಣ್ಣಂದಾಜು ಸೋತಿತು.

ಹಾಗಾಗಿ ಎಲ್ಲ ಮೂರು ದಿನಗಳ ಗುಂಪನ್ನೂ ಕೂಡಿ ನೋಡಲೇಬೇಕು. ಹೀಗೆ ಸಾಲಾಗಿ ಜೋಡಿಸಿಟ್ಟ ಅಂಕಿಗಳನ್ನು ಪ್ರೋಗ್ರಾಮರ್‌ಗಳು ಅರೇ ಎನ್ನುತ್ತಾರೆ. ಅದರಲ್ಲಿನ ಒಳ್ಳೆಯ ತುಣುಕನ್ನು ಹುಡುಕಲು ಅವರು ಬಳಸುವ ಉಪಾಯವೇ ಸ್ಲೈಡಿಂಗ್ ವಿಂಡೋ, ಅಂದರೆ ಜಾರುವ ಕಿಟಕಿ. ಮೂರು ಅಂಕಿಗಳಷ್ಟು ಅಗಲದ ಕಿಟಕಿಯೊಂದನ್ನು ಸಾಲಿನ ಮೊದಲಿಗೆ ಇಡಬೇಕು. ಒಳಗೆ ಕಾಣುವುದು 12, 0, 35, ಮೊತ್ತ 47. ಕಿಟಕಿಯನ್ನು ಒಂದು ಮನೆ ಬಲಕ್ಕೆ ಸರಿಸಿದರೆ 41 ಒಳಗೆ ಬರುತ್ತದೆ, 12 ಹೊರಗೆ ಹೋಗುತ್ತದೆ. ಮತ್ತೆ ಮೊದಲಿಂದ ಕೂಡುವ ಅಗತ್ಯವಿಲ್ಲ: 47ಕ್ಕೆ 41 ಸೇರಿಸಿ 12 ಕಳೆದರೆ 76. ಮುಂದಿನ ಸಲ 8 ಸೇರಿಸಿ 0 ಕಳೆದರೆ 84. ಕೊನೆಯವರೆಗೂ ಹೀಗೇ ಸಾಗುತ್ತ, ಈವರೆಗೆ ಕಂಡ ದೊಡ್ಡ ಮೊತ್ತವನ್ನು ನೆನಪಿಟ್ಟುಕೊಂಡರಾಯಿತು.

ನಿಜ ಹೇಳಬೇಕೆಂದರೆ, ಈ ಪುಟ್ಟ ಲೆಕ್ಕದಲ್ಲಿ ಲಾಭವೇನೂ ಇಲ್ಲ. ಎಂಟು ಗುಂಪುಗಳನ್ನು ಒಂದೊಂದಾಗಿ ಕೂಡಿದರೂ 16 ಕೂಡಿಕೆ, ಕಿಟಕಿ ಸರಿಸಿದರೂ ಕೂಡಿ ಕಳೆಯುವುದು ಒಟ್ಟು 16 ಸಲ! ಉಳಿತಾಯ ಕಾಣುವುದು ಕಿಟಕಿ ಅಗಲವಾದಾಗ. ವರ್ಷದ 365 ದಿನಗಳಲ್ಲಿ ಅತಿ ಹೆಚ್ಚು ಮಳೆಯಾದ 30 ದಿನಗಳನ್ನು ಹುಡುಕಬೇಕಾದರೆ ಅಂಥ ಗುಂಪುಗಳು 336. ಪ್ರತಿಯೊಂದನ್ನೂ ಹೊಸದಾಗಿ ಕೂಡಿದರೆ 9,744 ಕೂಡಿಕೆಗಳಾಗುತ್ತವೆ. ಕಿಟಕಿ ಸರಿಸುತ್ತ ಹೋದರೆ 699ಕ್ಕೆ ಮುಗಿಯುತ್ತದೆ. ಅಗಲ ಎಷ್ಟೇ ಹೆಚ್ಚಲಿ, ಪ್ರತಿ ಸರಿತಕ್ಕೆ ತಗಲುವ ಕೆಲಸ ಒಂದು ಕೂಡುವುದು, ಒಂದು ಕಳೆಯುವುದು, ಅಷ್ಟೇ.

ಕಿಟಕಿಯ ಅಗಲ ಮೊದಲೇ ಗೊತ್ತಿಲ್ಲದಿದ್ದರೆ? ಈ ಉಪಾಯದ ಚಂದ ಕಾಣುವುದೇ ಅಲ್ಲಿ. ಅದೇ ಊರಿನ ಕೆರೆ ತುಂಬಲು 100 ಮಿಲಿಮೀಟರ್ ಮಳೆ ಬೇಕು ಎನ್ನೋಣ. ಕನಿಷ್ಠ ಎಷ್ಟು ದಿನಗಳಲ್ಲಿ ಅಷ್ಟು ಮಳೆ ಬಂದಿದೆ? ಈಗ ಕಿಟಕಿಯ ಎರಡೂ ಅಂಚುಗಳು ಬೇರೆ ಬೇರೆಯಾಗಿ ಚಲಿಸುತ್ತವೆ. ಮೊತ್ತ ನೂರು ಮುಟ್ಟುವವರೆಗೆ ಬಲ ಅಂಚು ಮುಂದೆ ಹೋಗುತ್ತದೆ. ಮುಟ್ಟಿದ ಮೇಲೆ, ನೂರಕ್ಕಿಂತ ಕಡಿಮೆಯಾಗುವವರೆಗೆ ಎಡ ಅಂಚಿನ ದಿನಗಳನ್ನು ಒಂದೊಂದಾಗಿ ಬಿಡಬೇಕು. ಆರನೇ ದಿನಕ್ಕೆ ಮೊತ್ತ 123. ಎಡದ 12 ಬಿಟ್ಟರೆ 111, ಮಳೆಯೇ ಬಾರದ ಎರಡನೇ ದಿನವನ್ನು ಬಿಟ್ಟರೂ 111. ಈಗ ಉಳಿದದ್ದು ನಾಲ್ಕೇ ದಿನ. ಮುಂದಿನ 35 ಬಿಟ್ಟರೆ 76ಕ್ಕೆ ಇಳಿಯುತ್ತದೆ, ಅಲ್ಲಿಗೆ ಎಡ ಅಂಚು ನಿಲ್ಲಬೇಕು, ಬಲ ಅಂಚು ಮತ್ತೆ ಹೊರಡಬೇಕು. ಸಾಲಿನ ಕೊನೆ ಮುಟ್ಟಿದರೂ ನಾಲ್ಕಕ್ಕಿಂತ ಕಡಿಮೆ ಸಿಗುವುದಿಲ್ಲ. ಸಿಗಲಾರದು ಎಂದು ಮೊದಲ ಲೆಕ್ಕವೂ ಹೇಳುತ್ತದೆ: ಮೂರು ದಿನಗಳ ಗರಿಷ್ಠ ಮೊತ್ತವೇ 85 ತಾನೆ?

ಒಂದು ದಿನ ಒಮ್ಮೆ ಮಾತ್ರ ಕಿಟಕಿಯೊಳಗೆ ಬರುತ್ತದೆ, ಹೆಚ್ಚೆಂದರೆ ಒಮ್ಮೆ ಹೊರಗೆ ಹೋಗುತ್ತದೆ. ಎಡ ಅಂಚು ಎಂದೂ ಹಿಂದಕ್ಕೆ ಬರುವುದಿಲ್ಲ. ವೇಗದ ಗುಟ್ಟು ಅದು. ಅಪಾಯವೂ ಅಲ್ಲೇ ಇದೆ.

ಏಕೆಂದರೆ ಇದೆಲ್ಲ ನಡೆಯುವುದು ಒಂದು ನಂಬಿಕೆಯ ಮೇಲೆ: ದಿನವನ್ನು ಸೇರಿಸಿದರೆ ಮೊತ್ತ ಇಳಿಯುವುದಿಲ್ಲ, ಬಿಟ್ಟರೆ ಏರುವುದಿಲ್ಲ. ಮಳೆಯಲ್ಲಿ ಋಣ ಸಂಖ್ಯೆ ಇರುವುದಿಲ್ಲವಾದ್ದರಿಂದ ಅದು ನಿಜ. ಕೆರೆಯ ನೀರಿನ ಮಟ್ಟದ ಏರಿಳಿತ ಹಾಗಲ್ಲ. ನಾಲ್ಕು ದಿನಗಳ ಬದಲಾವಣೆ ಸೆಂಟಿಮೀಟರಿನಲ್ಲಿ 4, −6, 9, 3 ಎಂದಿದ್ದು, ಕನಿಷ್ಠ ಎಷ್ಟು ದಿನಗಳಲ್ಲಿ ಮಟ್ಟ 10 ಸೆಂಟಿಮೀಟರ್ ಏರಿತು ಎಂದು ಕೇಳಿದರೆ, ಕಿಟಕಿ ನಾಲ್ಕೂ ದಿನ ಕೂಡಿ 10 ಪಡೆಯುತ್ತದೆ. ಎಡದ 4 ಬಿಟ್ಟರೆ 6, ಸಾಲದು. ಉತ್ತರ ನಾಲ್ಕು ದಿನ ಎಂದು ಹೇಳಿ ಕೆಲಸ ಮುಗಿಸುತ್ತದೆ. ಆದರೆ −6 ಅನ್ನೂ ಬಿಟ್ಟಿದ್ದರೆ ಉಳಿದ ಎರಡೇ ದಿನಗಳಲ್ಲಿ 12 ಇತ್ತು. ಪ್ರೋಗ್ರಾಂ ಎಲ್ಲಿಯೂ ನಿಲ್ಲುವುದಿಲ್ಲ, ತಪ್ಪಾಗಿದೆ ಎಂದು ಸೂಚಿಸುವುದೂ ಇಲ್ಲ; ತಪ್ಪು ಉತ್ತರವನ್ನು ನಿರಾಳವಾಗಿ ಕೊಡುತ್ತದೆ.

ಅಗಲ ನಿಗದಿಯಾದ ಮೊದಲ ಬಗೆಯ ಕಿಟಕಿಗೆ ಋಣ ಸಂಖ್ಯೆಗಳ ಭಯವಿಲ್ಲ. ಒಂದೇ ಎಚ್ಚರ ಬೇಕು: ದೊಡ್ಡ ಮೊತ್ತದ ಹುಡುಕಾಟವನ್ನು ಸೊನ್ನೆಯಿಂದಲ್ಲ, ಮೊದಲ ಕಿಟಕಿಯ ಮೊತ್ತದಿಂದ ಶುರುಮಾಡಬೇಕು. ಇಲ್ಲವಾದರೆ ಎಲ್ಲ ಗುಂಪುಗಳ ಮೊತ್ತವೂ ಋಣವಾಗಿರುವ ಸಾಲಿನಲ್ಲಿ, ಯಾವ ಗುಂಪಿಗೂ ಸೇರದ ಸೊನ್ನೆಯೇ ಉತ್ತರವಾಗಿ ಬರುತ್ತದೆ.

ಇಂಥ ತಪ್ಪುಗಳನ್ನು ಹಿಡಿಯಲು ಅನುಭವಿಗಳು ಮಾಡುವ ಕೆಲಸ ಸರಳ. ಎಲ್ಲ ಗುಂಪುಗಳನ್ನೂ ಕೂಡಿ ನೋಡುವ ನಿಧಾನದ ಪ್ರೋಗ್ರಾಮನ್ನೂ ಬರೆದು, ಆರೇಳು ಅಂಕಿಗಳ ಸಾವಿರಾರು ಸಾಲುಗಳನ್ನು ಮನಬಂದಂತೆ ಸೃಷ್ಟಿಸಿ, ಎರಡರ ಉತ್ತರಗಳನ್ನೂ ಹೋಲಿಸುತ್ತಾರೆ. ಆ ಸಾಲುಗಳಲ್ಲಿ ಸೊನ್ನೆಯೂ ಋಣ ಸಂಖ್ಯೆಗಳೂ ಬೆರೆತಿರಬೇಕು; ಬರೀ ಧನ ಸಂಖ್ಯೆಗಳಾದರೆ ಮೇಲಿನ ತಪ್ಪು ಒಮ್ಮೆಯೂ ಸಿಕ್ಕಿಬೀಳುವುದಿಲ್ಲ.