ಎಂಸಿಯು ವರದಿಯ ಗ್ರೇಡ್ ಏನು ಹೇಳುತ್ತದೆ?

ಅಂಕೋಲಾದ ಮೂರು ವರ್ಷದ ಹುಡುಗಿಯೊಬ್ಬಳಿಗೆ ಎರಡನೇ ಸಲ ಜೋರು ಜ್ವರ ಬಂದು, ಮೂತ್ರದ ಕಲ್ಚರ್‌ನಲ್ಲಿ ಇ. ಕೋಲಿ ಬೆಳೆಯಿತು ಎಂದುಕೊಳ್ಳಿ. ಸೋಂಕು ವಾಸಿಯಾದ ಮೇಲೆ ಮಕ್ಕಳ ವೈದ್ಯರು ಎಂಸಿಯು ಎಂಬ ಪರೀಕ್ಷೆ ಮಾಡಿಸಲು ಕಾರವಾರಕ್ಕೋ ಮಣಿಪಾಲಕ್ಕೋ ಚೀಟಿ ಬರೆದುಕೊಡುತ್ತಾರೆ. ಕೆಲವು ಕಡೆ ಇದಕ್ಕೇ ವಿಸಿಯುಜಿ ಎನ್ನುತ್ತಾರೆ.

ಮೂತ್ರಕೋಶ ತುಂಬಿದಾಗಲೂ ಮೂತ್ರ ಮೇಲಕ್ಕೆ, ಕಿಡ್ನಿಯತ್ತ ಹೋಗಬಾರದು. ಮೂತ್ರನಾಳ ಮೂತ್ರಕೋಶದ ಗೋಡೆಯೊಳಗೆ ಓರೆಯಾಗಿ ಸಾಗುವುದರಿಂದ ಒತ್ತಡ ಹೆಚ್ಚಿದಂತೆ ಅದು ತಾನೇ ಮುಚ್ಚಿಕೊಳ್ಳುತ್ತದೆ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಆ ಓರೆದಾರಿ ಗಿಡ್ಡವಾಗಿರುತ್ತದೆ. ಆಗ ಮೂತ್ರ ಹಿಂದಕ್ಕೆ ಹರಿಯುತ್ತದೆ. ಇದೇ ರಿಫ್ಲಕ್ಸ್.

ರಿಫ್ಲಕ್ಸ್ ಇದೆಯೇ ಎಂದು ನೋಡುವ ಎಂಸಿಯು ಪರೀಕ್ಷೆಯಲ್ಲಿ ಮೂತ್ರದ್ವಾರದಿಂದ ಸಪೂರ ನಳಿಕೆ ತೂರಿಸಿ, ಎಕ್ಸರೆಯಲ್ಲಿ ಕಾಣುವ ಅಯೋಡಿನ್ ದ್ರಾವಣವನ್ನು ನಿಧಾನವಾಗಿ ಇಳಿಸುತ್ತಾರೆ. ಎಷ್ಟು ತುಂಬಬೇಕೆಂಬುದಕ್ಕೆ ಒಂದು ಅಂದಾಜಿದೆ: ವಯಸ್ಸಿಗೆ ಎರಡು ಕೂಡಿಸಿ 30ರಿಂದ ಗುಣಿಸಬೇಕು. ಈ ಹುಡುಗಿಗೆ ಅದು 150 ಮಿ.ಲೀ. ಮಗು ಉಚ್ಚೆ ಹೊಯ್ಯುವಾಗಿನ ಚಿತ್ರವೇ ಎಲ್ಲಕ್ಕಿಂತ ಮುಖ್ಯ. ಎಷ್ಟೋ ರಿಫ್ಲಕ್ಸ್ ಆ ಒತ್ತಡದಲ್ಲಿ ಮಾತ್ರ ಕಾಣುತ್ತದೆ. ಹೆದರಿದ ಮಗು ಟೇಬಲ್ ಮೇಲೆ ಉಚ್ಚೆ ಹೊಯ್ಯದಿದ್ದರೆ 'ರಿಫ್ಲಕ್ಸ್ ಇಲ್ಲ' ಎಂಬ ವರದಿಯನ್ನು ಪೂರ್ತಿ ನಂಬುವಂತಿಲ್ಲ.

ವರದಿಯಲ್ಲಿ 'ಬಲಗಡೆ ಗ್ರೇಡ್ 3, ಎಡಗಡೆ ಇಲ್ಲ' ಎಂದಿದೆ ಎನ್ನೋಣ. ದ್ರಾವಣ ಮೂತ್ರನಾಳದಲ್ಲೇ ನಿಂತರೆ ಗ್ರೇಡ್ 1. ಕಿಡ್ನಿ ಮುಟ್ಟಿಯೂ ಏನೂ ಹಿಗ್ಗದಿದ್ದರೆ 2. ಮುಂದಿನದನ್ನು ನಿರ್ಧರಿಸುವುದು ಹಿಗ್ಗುವಿಕೆ. ಕಿಡ್ನಿಯೊಳಗೆ ಮೂತ್ರ ಹಿಡಿಯುವ ಕ್ಯಾಲಿಕ್ಸ್‌ಗಳು ಪುಟ್ಟ ಬಟ್ಟಲುಗಳಂತಿದ್ದು, ಅವುಗಳ ಅಂಚು ಚೂಪಾಗಿರಬೇಕು. ನಾಳ ತುಸು ಹಿಗ್ಗಿ ಈ ಅಂಚು ಸ್ವಲ್ಪ ಮೊಂಡಾದರೆ 3. ಅಂಚಿನ ಮೂಲೆಗಳು ಅಳಿಸಿಹೋದರೂ ಒಳಗೆ ಚಾಚಿದ ಕಿಡ್ನಿಯ ತುದಿಯ ಗುರುತು ಉಳಿದಿದ್ದರೆ 4. ಆ ಗುರುತೂ ಹೋಗಿ, ನಾಳ ತೀರಾ ಊದಿ ಸುತ್ತಿಕೊಂಡಿದ್ದರೆ 5.

ಎರಡು ಮತ್ತು ಮೂರರ ನಡುವಿನ ಗೆರೆ ತೆಳುವಾದದ್ದು. ಒಂದೇ ಫಿಲ್ಮ್ ನೋಡಿ ಇಬ್ಬರು ರೇಡಿಯಾಲಜಿಸ್ಟರು ಬೇರೆ ಬೇರೆ ಗ್ರೇಡ್ ಬರೆಯುವುದುಂಟು. ಇನ್ನೊಂದು ಮಾತು: ಗ್ರೇಡ್ ಕಿಡ್ನಿಗೆ ಆದ ಹಾನಿಯ ಅಳತೆಯಲ್ಲ. ಸೋಂಕಿನಿಂದಾದ ಕಲೆಯನ್ನು ತೋರಿಸುವುದು ಡಿಎಂಎಸ್‌ಎ ಸ್ಕ್ಯಾನ್.

ಕಡಿಮೆ ಗ್ರೇಡಿನ ರಿಫ್ಲಕ್ಸ್ ಬಹುಪಾಲು ಮಕ್ಕಳಲ್ಲಿ ಬೆಳೆಯುತ್ತ ತಾನೇ ಹೋಗುತ್ತದೆ. ಅಲ್ಲಿಯವರೆಗೆ ಕೆಲವರಿಗೆ ದಿನವೂ ಸಣ್ಣ ಪ್ರಮಾಣದ ಆಂಟಿಬಯೋಟಿಕ್ ಕೊಡುತ್ತಾರೆ. 2014ರಲ್ಲಿ ಪ್ರಕಟವಾದ ರಿವರ್ ಎಂಬ ಅಮೆರಿಕದ ಅಧ್ಯಯನದಲ್ಲಿ ಅದರಿಂದ ಮರುಸೋಂಕು ಸುಮಾರು ಅರ್ಧಕ್ಕಿಳಿಯಿತು, ಆದರೆ ಕಿಡ್ನಿಯ ಕಲೆ ಕಡಿಮೆಯಾಗಲಿಲ್ಲ. ಹಾಗಾಗಿ ಮಾತ್ರೆ ಬೇಕೇ ಬೇಡವೇ ಎಂಬುದನ್ನು ಮಗುವಿನ ವಯಸ್ಸು, ಮಲಬದ್ಧತೆ, ಉಚ್ಚೆ ತಡೆಹಿಡಿಯುವ ಅಭ್ಯಾಸ ಎಲ್ಲ ನೋಡಿಯೇ ತೀರ್ಮಾನಿಸಬೇಕು.

ಬೇರೆ ಊರಿನ ವೈದ್ಯರಲ್ಲಿಗೆ ಹೋಗುವ ತಂದೆತಾಯಿ ವರದಿಯ ಹಾಳೆಯ ಜತೆಗೆ ಫಿಲ್ಮ್ ಅಥವಾ ಸಿಡಿಯನ್ನೂ ಕೊಂಡೊಯ್ಯಲಿ. ಮತ್ತೆ ಜ್ವರ ಬಂದರೆ, ನೆಗಡಿ ಕೆಮ್ಮು ಇಲ್ಲದಿದ್ದಾಗಲಂತೂ, ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಮೂತ್ರ ಪರೀಕ್ಷೆ ಮಾಡಿಸಲಿ.