ಚೀಲ ಪಕ್ಕಕ್ಕಿಟ್ಟವರಿಗೊಂದು ಪತ್ರ

ಬಿಸಿಯೂಟದ ಅಡುಗೆಯವರಿಗೆ ಎಸ್‌ಡಿಎಂಸಿ ಕೊಡುವ ಮೆಚ್ಚುಗೆ ಪತ್ರದಲ್ಲಿ ‘ಸಾಕ್ಷಾತ್ ಅನ್ನಪೂರ್ಣೆಯರು’ ಎಂಬ ಮಾತು ತಪ್ಪುವುದಿಲ್ಲ. ಶಾಲೆಯ ಹೆಸರು ತಿದ್ದಿದರೆ ಅದೇ ಪತ್ರ ಪಕ್ಕದೂರಿಗೂ ನಡೆಯುತ್ತದೆ. ಅಂದರೆ, ಬರೆದವರು ಅಡುಗೆಕೋಣೆಯ ಒಳಗೆ ಹೋಗಿಲ್ಲ.

ಒಳಗೆ ಹೋದವರಿಗೆ ಮೊದಲು ಕಾಣುವುದು ಲೆಕ್ಕ. ಒಂದರಿಂದ ಐದರವರೆಗೆ 60 ಮಕ್ಕಳು, ಆರು ಮತ್ತು ಏಳರಲ್ಲಿ 50 ಮಕ್ಕಳಿರುವ ಶಾಲೆ ಎಂದಿಟ್ಟುಕೊಳ್ಳಿ. ಚಿಕ್ಕವರಿಗೆ ತಲಾ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ದೊಡ್ಡವರಿಗೆ 150 ಮತ್ತು 30. ಎಲ್ಲರೂ ಬಂದ ದಿನ ಹದಿಮೂರೂವರೆ ಕೆಜಿ ಅಕ್ಕಿ, 2 ಕೆಜಿ 700 ಗ್ರಾಂ ಬೇಳೆ ಒಲೆಗೇರಬೇಕು. ಜಾತ್ರೆಯ ಮಾರನೇ ದಿನ ಮೂವತ್ತು ಮಕ್ಕಳು ಬರದಿದ್ದರೆ ಅಳತೆ ಅಷ್ಟಕ್ಕೂ ಇಳಿಯಬೇಕು. ಹಾಲಿನದು ಇನ್ನೊಂದು ಪಾಡು. ಪುಡಿಯನ್ನು ನೇರವಾಗಿ ಕುದಿಯುವ ನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಉಗುರುಬೆಚ್ಚನೆ ನೀರಲ್ಲಿ ಕದಡಿಕೊಳ್ಳಬೇಕು. ಮಗು ಲೋಟ ಕೆಳಗಿಟ್ಟು ಹೋದರೆ ಗಂಟಿನ ಸುದ್ದಿ ಗೊತ್ತಾಗುತ್ತದೆ.

ಇದಕ್ಕಿಂತ ದೊಡ್ಡದು, ಬೇಡ ಎನ್ನುವ ಧೈರ್ಯ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಊಟ ಮಾಡಿ 23 ಮಕ್ಕಳು ತೀರಿಕೊಂಡರು. ಎಣ್ಣೆ ಸರಿಯಿಲ್ಲವೆಂದು ಅಡುಗೆಯವರು ಮೊದಲೇ ಹೇಳಿದ್ದರೆಂದು ಆಗ ವರದಿಯಾಗಿತ್ತು. ಬಡಿಸುವ ಮುನ್ನ ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವಿದೆ, ಸರಿ. ಆದರೆ ಚೀಲ ಬಿಚ್ಚಿದಾಗ ಮೊದಲು ಮೂಗಿಗೆ ಬಡಿಯುವುದು ಅಡುಗೆಯವರಿಗೇ. ಆ ಮಾತಿಗೆ ಬೆಲೆ ಇದೆಯೋ ಇಲ್ಲವೋ ಎಂಬುದು ಮೆಚ್ಚುಗೆ ಪತ್ರದಲ್ಲೇ ಗೊತ್ತಾಗಬೇಕು.

ಹಾಗಾಗಿ ನಾನಾದರೆ ಹೀಗೆ ಬರೆದೇನು:

“ಅಕ್ಕಂದಿರೇ, ಮಳೆಗಾಲದಲ್ಲಿ ಬಂದ ಒಂದು ಚೀಲ ಬೇಳೆಯಲ್ಲಿ ಹುಳ ಕಂಡು ಅದನ್ನು ಪಕ್ಕಕ್ಕಿಟ್ಟಿರಿ, ಕೂಡಲೇ ಮುಖ್ಯಗುರುಗಳಿಗೆ ತಿಳಿಸಿದಿರಿ. ಅಂದು ಊಟ ಅರ್ಧ ಗಂಟೆ ತಡವಾಯಿತು, ಕೆಲವು ಪೋಷಕರು ನಿಮ್ಮನ್ನೇ ಅಂದರು. ನೀವು ಮಾಡಿದ್ದೇ ಸರಿ ಎಂದು ಸಮಿತಿ ದಾಖಲಿಸುತ್ತದೆ. ಸಿಲಿಂಡರ್ ಬಾರದ ಎರಡು ದಿನ ಸೌದೆ ಒಲೆಯ ಹೊಗೆಯಲ್ಲಿ ಬೇಯಿಸಿದಿರಿ. ಮುಂದೆ ಹಾಗಾಗದಂತೆ ಒಂದು ಸಿಲಿಂಡರ್ ಸದಾ ತುಂಬಿಸಿಡುವುದು ನಮ್ಮ ಹೊಣೆ.”

ಪತ್ರವನ್ನು ಮೊದಲು ಅವರಿಗೇ ಓದಿ ಹೇಳಬೇಕು. ‘ಸೌದೆ ಎರಡು ದಿನ ಅಲ್ಲ ಸಾರ್, ನಾಲ್ಕು ದಿನ’ ಎಂದರೆ ತಿದ್ದಬೇಕು. ಆಮೇಲೆ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆದು, ಸಹಿ ಹಾಕಿದ ಪ್ರತಿಯನ್ನು ಒಬ್ಬೊಬ್ಬರ ಕೈಗೂ ಕೊಡಬೇಕು.

ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸುವ ಶಕ್ತಿ ಊರಿನ ಸಮಿತಿಗಿಲ್ಲ. ಅದು ಬಾಕಿ ಉಳಿದಿದ್ದರೆ ಮಾತ್ರ, ಶಾಲು ಹೊದಿಸುವ ಅದೇ ಸಭೆಯಲ್ಲಿ ತಾಲ್ಲೂಕಿನ ಅಕ್ಷರ ದಾಸೋಹ ಸಹಾಯಕ ನಿರ್ದೇಶಕರಿಗೆ ಒಂದು ಮನವಿ ಬರೆದು, ಅಧ್ಯಕ್ಷರೇ ಮೊದಲ ಸಹಿ ಹಾಕಬಹುದು.