ವ್ಯಾಜಸ್ತುತಿಯ ಬೀಳ್ಕೊಡುಗೆ

ಬೀಳ್ಕೊಡುಗೆಯ ಸಭೆಯಲ್ಲಿ ನಿವೃತ್ತರಾಗುವವರ ಸ್ಥಿತಿ ತುಸು ವಿಚಿತ್ರವಾದುದು. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಮಡಿಲಲ್ಲಿ ಹಣ್ಣಿನ ತಟ್ಟೆ. ಎದುರು ಸಾಲಿನಲ್ಲಿ ಮನೆಯವರು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಶಾಲೆ ಕಾಲೇಜುಗಳಲ್ಲಿ ಇಂತಹ ಸಭೆಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಐದಾರು ಮಂದಿ ಒಬ್ಬರಾದ ಮೇಲೊಬ್ಬರು ‘ಸರಳರು, ಸಜ್ಜನರು, ಕರ್ತವ್ಯನಿಷ್ಠರು’ ಎಂದು ಹೇಳಿ ಕುಳಿತುಕೊಳ್ಳುತ್ತಾರೆ. ಈ ಮಾತುಗಳು ಯಾರಿಗಾದರೂ ಸಲ್ಲುವುದರಿಂದ, ಹಾರ ಹಾಕಿಸಿಕೊಂಡವರೇ ಸಭೆಯಿಂದ ಕಾಣೆಯಾಗಿಬಿಡುತ್ತಾರೆ. ಅವರನ್ನು ಮರಳಿ ಕರೆತರಬಲ್ಲದು ಪರಿಹಾಸ. ಆದರೆ ಅಂದಿನ ಪರಿಹಾಸಕ್ಕೆ ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಪ್ರತ್ಯುತ್ತರ ಕೊಡುವ ಅವಕಾಶ ಅವರಿಗಿಲ್ಲ. ತಪ್ಪಿ ಆಡಿದ ಒಂದು ಮಾತು ಅವರೊಡನೆಯೇ ಮನೆಗೆ ಹೋಗುತ್ತದೆ.

ಇದಕ್ಕೆ ಬೇಕಾದ ವಿದ್ಯೆ ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದೆ, ಹೆಸರು ವ್ಯಾಜಸ್ತುತಿ. ಅದರಲ್ಲಿ ಎರಡು ಬಗೆ. ನಿಂದೆಯಂತೆ ತೋರಿ ಸ್ತುತಿಯಾಗುವುದು ಒಂದು, ಸ್ತುತಿಯಂತೆ ತೋರಿ ನಿಂದೆಯಾಗುವುದು ಇನ್ನೊಂದು. ‘ಇವರಷ್ಟು ನಿಶ್ಚಿಂತೆಯಿಂದ ನೌಕರಿ ಮಾಡಿದವರನ್ನು ನಾನು ಕಂಡಿಲ್ಲ’ ಎಂಬುದು ಎರಡನೆಯ ಬಗೆ. ಕೇಳಲು ಮೃದುವಾದರೂ ಒಳಗೆ ಮುಳ್ಳಿದೆ. ಬೀಳ್ಕೊಡುಗೆಗೆ ಸಲ್ಲುವುದು ಮೊದಲನೆಯದು ಮಾತ್ರ.

ಯಾವ ದೋಷವನ್ನು ಆರಿಸಿಕೊಳ್ಳಬೇಕು? ಇದಕ್ಕೆ ನಮ್ಮ ಕಡೆಯ ತಾಳಮದ್ದಳೆ ದಾರಿ ತೋರುತ್ತದೆ. ಕೃಷ್ಣಸಂಧಾನದ ಕೌರವ ಕೃಷ್ಣನನ್ನು ದನ ಕಾಯುವವನೆಂದು ಹೀಯಾಳಿಸಿದರೆ ಸಭೆ ಸಂತೋಷಪಡುತ್ತದೆ. ಕೃಷ್ಣನ ಅರ್ಥ ಹೇಳುವವರೂ ಸಂತೋಷದಿಂದ ಉತ್ತರ ಹೊಸೆಯುತ್ತಾರೆ. ಆದರೆ ಎದುರಿನ ಅರ್ಥಧಾರಿಯ ಮನೆವಾರ್ತೆಯನ್ನು ಎಳೆದುತಂದರೆ ರಸಭಂಗ. ಪಾತ್ರವನ್ನು ಎಷ್ಟೂ ಕೆಣಕಬಹುದು, ಪಾತ್ರಧಾರಿಯನ್ನು ಕೆಣಕಬಾರದು. ನಮ್ಮ ಸಹೋದ್ಯೋಗಿಯ ಪಾತ್ರವೆಂದರೆ ಅಧ್ಯಾಪಕನದು. ಆತ ತಾನಾಗಿ ಬೆಳೆಸಿಕೊಂಡ, ಎಲ್ಲರೂ ಕಂಡ, ವೃತ್ತಿಗೆ ಸಂಬಂಧಿಸಿದ ಅಭ್ಯಾಸವನ್ನಷ್ಟೇ ಮುಟ್ಟಬೇಕು. ದೇಹ, ಜಾತಿ, ಸಾಲ, ಮಕ್ಕಳು, ಕೈತಪ್ಪಿದ ಬಡ್ತಿ ಇವೆಲ್ಲ ಹೊರಗೆ.

ಒಂದು ಉದಾಹರಣೆಯನ್ನು ಬಿಡಿಸಿ ನೋಡೋಣ. ಬಂಟ್ವಾಳದಲ್ಲಿ ನನ್ನೊಡನೆ ಪಾಠ ಹೇಳುತ್ತಿದ್ದ ಗಣಿತದ ಅಧ್ಯಾಪಕರೊಬ್ಬರು ದಿನವೂ ಮೂಡಬಿದಿರೆಯಿಂದ ಬರುತ್ತಿದ್ದರು. ಗಂಟೆ ಹೊಡೆದರೂ ಪಾಠ ನಿಲ್ಲಿಸದಿರುವುದು ಅವರ ಪ್ರಸಿದ್ಧ ದೋಷ. ‘ಇವರಿಗೆ ಗಂಟೆ ಕೇಳಿಸದು’ ಎಂದರೆ ಅರುವತ್ತರ ಅಂಚಿನವರ ಕಿವಿಯನ್ನು ಆಡಿಕೊಂಡಂತೆ. ಅದಕ್ಕಾಗಿ ನಾನು ಹೇಳಿದ್ದು ಹೀಗೆ: ‘ನಮ್ಮ ಕಾಲೇಜಿನ ಗಂಟೆಗೂ ಇವರಿಗೂ ಬಹುಕಾಲದ ವ್ಯಾಜ್ಯ. ದಿನವೂ ದಾವೆ ಹೂಡುತ್ತಿದ್ದುದು ಗಂಟೆ, ಗೆಲ್ಲುತ್ತಿದ್ದವರು ಇವರು. ಖರ್ಚು ತೆತ್ತವರು ಬೆಳ್ತಂಗಡಿಯ ಬಸ್ಸು ತಪ್ಪಿಸಿಕೊಂಡ ವಿದ್ಯಾರ್ಥಿಗಳು.’ ಸಭೆ ನಕ್ಕಿತು. ಮುಂದಿನ ವಾಕ್ಯ ಇದು: ‘ಆದರೆ ಆ ಮಕ್ಕಳಿಗೆ ಚಹಾ ಕುಡಿಸಿ, ಪುಂಜಾಲಕಟ್ಟೆಯ ಕಡೆಯ ಮುಂದಿನ ಬಸ್ಸಿಗೆ ಹತ್ತಿಸುವವರೆಗೆ ನಿಂತು, ಸಿದ್ಧಕಟ್ಟೆಯ ದಾರಿಯ ತಮ್ಮ ಬಸ್ಸನ್ನೂ ತಪ್ಪಿಸಿಕೊಳ್ಳುತ್ತಿದ್ದವರು ಇವರೇ.’

ಇಲ್ಲಿ ಮೂರು ಹೆಜ್ಜೆಗಳಿವೆ: ಆರೋಪ, ಸಾಕ್ಷ್ಯ, ತಿರುವು. ತಿರುವಿನಲ್ಲಿ ಹೊಸ ಗುಣವೊಂದನ್ನು ತಂದು ಅಂಟಿಸಿಲ್ಲ; ಆರೋಪದ ಬೇರೇ ಸ್ತುತಿಯ ಬೇರು. ಮಕ್ಕಳ ಮೇಲಿನ ಯಾವ ಮಮತೆ ಪಾಠವನ್ನು ಲಂಬಿಸಿತೋ ಅದೇ ಅವರನ್ನು ಬಸ್ಸಿನ ನಿಲ್ದಾಣದಲ್ಲಿ ನಿಲ್ಲಿಸಿತು. ಒಬ್ಬರ ಜಿಪುಣತನವನ್ನು ಅರ್ಧ ಗಂಟೆ ಹಾಸ್ಯಮಾಡಿ ‘ಆದರೂ ಒಳ್ಳೆಯವರು’ ಎಂದು ಮುಗಿಸಿದರೆ ಅದು ವ್ಯಾಜಸ್ತುತಿಯಲ್ಲ; ಗಾಯಕ್ಕೆ ಕಟ್ಟಿದ ಬಟ್ಟೆ. ತಿರುವು ಸಿಗದ ದೋಷವನ್ನು, ಅದು ಎಷ್ಟೇ ನಗೆ ತರಲಿ, ಬಿಟ್ಟುಬಿಡಬೇಕು.

ಕೆಣಕುವ ಅಧಿಕಾರ ಬರುವುದು ಒಡನಾಟದಿಂದ. ಕಾರ್ಕಳ ತಾಲೂಕಿನ ನಂದಳಿಕೆಯ ಮುದ್ದಣ (1870–1901) ಬರೆದ ‘ಶ್ರೀರಾಮಾಶ್ವಮೇಧ’ದಲ್ಲಿ ಕಥೆ ಹೇಳುವ ಗಂಡನನ್ನು ಮನೋರಮೆ ಹೆಜ್ಜೆಹೆಜ್ಜೆಗೂ ಛೇಡಿಸುತ್ತಾಳೆ. ಅದು ನೋಯಿಸದು, ಆತನ ಒಂದೊಂದು ಮಾತನ್ನೂ ಅಷ್ಟು ಗಮನವಿಟ್ಟು ಕೇಳುವವಳು ಅವಳೊಬ್ಬಳೇ. ನಿನ್ನೆ ಮೊನ್ನೆ ಸೇರಿದ ಕಿರಿಯರ ಬಾಯಲ್ಲಿ ಅದೇ ಪರಿಹಾಸ ಉದ್ಧಟತನವಾದೀತು.

ಮಾತು ಹದ ತಪ್ಪಿತೇ ಎಂದು ತಿಳಿಯಲು ಎದುರು ಸಾಲನ್ನು ನೋಡಬೇಕು. ಹಿಂದಿನ ಬೆಂಚುಗಳು ಯಾವುದಕ್ಕೂ ನಗುತ್ತವೆ. ಮನೆಯವರು ನಗುವ ಮೊದಲು ನಿವೃತ್ತರ ಮುಖ ನೋಡಿದರೆ ಅಲ್ಲಿಗೇ ತಿರುವಿಗೆ ಬರಬೇಕು. ಇಂತಹ ಮೂರು ಪ್ರಸಂಗ, ಏಳೆಂಟು ನಿಮಿಷ ಸಾಕು. ನಾಲ್ಕನೆಯ ಆರೋಪಕ್ಕೆ ಸಭೆ ತಿರುವನ್ನು ಮೊದಲೇ ಊಹಿಸಿಬಿಡುತ್ತದೆ.

ಕೊನೆಯ ವಾಕ್ಯದಲ್ಲಿ ಮಾತ್ರ ವ್ಯಾಜ ಬೇಡ, ಸ್ತುತಿಯೊಂದೇ ಇರಲಿ. ಗಣಿತದ ಅಧ್ಯಾಪಕರ ಬಗೆಗೆ ನಾನು ಹೇಳಿದ ಕೊನೆಯ ಮಾತು ಇಷ್ಟೇ: ‘ನಾಳೆಯಿಂದ ನಮ್ಮ ಗಂಟೆಗೆ ಎದುರಾಳಿಯಿಲ್ಲ, ಬಸ್ಸು ತಪ್ಪಿದ ಮಕ್ಕಳಿಗೆ ಜೊತೆಯಿಲ್ಲ.’ ಅದಕ್ಕೆ ಯಾರೂ ನಗಲಿಲ್ಲ.